ಒಂದು ಕೀಲು ಮುರಿದ ಲ್ಯಾಚ್: ಟಚ್‌ಪ್ಯಾಡ್ ರಿಬ್ಬನ್ ಕೇಬಲ್ ಬಿಚ್ಚಿದ ಪ್ರಕರಣ

ಲ್ಯಾಪ್‌ಟಾಪ್ ತಂದವರು ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ. 15.6 ಇಂಚಿನ ಪರದೆಯ ಹಳೆಯ ಮಷೀನ್. ದೂರು ಇಷ್ಟೇ: ಟಚ್‌ಪ್ಯಾಡ್ ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ. ಟೈಪ್ ಮಾಡುವಾಗ ಎಡ ಅಂಗೈ ಊರಿದರೆ ಪಾಯಿಂಟರ್ ನಿಂತುಬಿಡುತ್ತದೆ. ಮೌಸ್ ಹಾಕಿದರೆ ಎಲ್ಲವೂ ಸರಿ.

“ಯಾವಾಗಿಂದ ಹೀಗಾಗ್ತಿದೆ ಮೇಡಂ?” ಎಂದು ಕೇಳಿದೆ.

“ಬೇರೆ ಕಡೆ ಫ್ಯಾನ್ ಕ್ಲೀನ್ ಮಾಡಿಸಿದೆ ಸರ್, ಅದಾದ ಮೇಲೆ. ಅವರು ಟಚ್‌ಪ್ಯಾಡೇ ಹೋಗಿದೆ, ಹೊಸದು ಹಾಕ್ಬೇಕು ಅಂದ್ರು.”

ಫ್ಯಾನ್ ಕ್ಲೀನ್ ಮಾಡಿಸಿದ ಮೇಲೆ ಟಚ್‌ಪ್ಯಾಡ್ ಕೈಕೊಟ್ಟಿದೆ ಎಂದರೆ ನಾನು ಮೊದಲು ಟಚ್‌ಪ್ಯಾಡನ್ನು ಅನುಮಾನಿಸುವುದಿಲ್ಲ, ಅದರ ಕೇಬಲನ್ನು ಅನುಮಾನಿಸುತ್ತೇನೆ. ಈ ಮಾದರಿಯಲ್ಲಿ ಫ್ಯಾನ್ ತೆಗೆಯಬೇಕಾದರೆ ಬೋರ್ಡ್ ಎತ್ತಬೇಕು. ಬೋರ್ಡ್ ಎತ್ತಬೇಕಾದರೆ ಟಚ್‌ಪ್ಯಾಡ್, ಕೀಬೋರ್ಡ್, ಕೀಬೋರ್ಡ್ ಬೆಳಕು ಎಲ್ಲದರ ಪಟ್ಟಿ ಕೇಬಲ್‌ಗಳನ್ನು ಬಿಚ್ಚಬೇಕು. ಬಿಚ್ಚುವಾಗ ತಪ್ಪು ಆಗುವ ಜಾಗ ಅದೇ.

ತೆರೆಯುವ ಮೊದಲು ವಿಂಡೋಸ್‌ನಲ್ಲಿ `Device Manager` ನೋಡಿದೆ. ಟಚ್‌ಪ್ಯಾಡ್ ಅಲ್ಲಿ ಕಾಣುವ `I2C HID Device` ಎಂಬ ಹೆಸರಿನ ಮೇಲೆ ಹಳದಿ ಗುರುತು ಬಂದಿತ್ತು. ಒಳಗೆ `This device cannot start. (Code 10)` ಎಂದಿತ್ತು. ಅಂಗೈ ಜಾಗವನ್ನು ಒಂದಿಷ್ಟು ಒತ್ತಿ ಬಿಟ್ಟು ರೀಸ್ಟಾರ್ಟ್ ಮಾಡಿದರೆ ಗುರುತು ಹೋಗಿ ಟಚ್‌ಪ್ಯಾಡ್ ಓಡುತ್ತಿತ್ತು. ಡ್ರೈವರ್ ತೊಂದರೆಯಾಗಿದ್ದರೆ ಅಂಗೈ ಒತ್ತಿದ್ದಕ್ಕೂ ಅದಕ್ಕೂ ಸಂಬಂಧ ಇರುವುದಿಲ್ಲ, ಅಲ್ವಾ? ಇದು ಎಲ್ಲೋ ಕಾಂಟ್ಯಾಕ್ಟ್ ಸಡಿಲವಾದ ಲಕ್ಷಣ.

ಇಂಥ ಟಚ್‌ಪ್ಯಾಡ್ ಬೋರ್ಡಿನ ಜೊತೆ ಕೆಲವೇ ತಂತಿಗಳಲ್ಲಿ ಮಾತಾಡುತ್ತದೆ. ಕರೆಂಟ್, ಗ್ರೌಂಡ್, ಡೇಟಾ, ಕ್ಲಾಕ್, ಮತ್ತೆ ಬೆರಳು ಮುಟ್ಟಿದೆ ಎಂದು ಹೇಳುವ ಒಂದು ತಂತಿ. ಇವುಗಳಲ್ಲಿ ಒಂದು ಕೈಬಿಟ್ಟರೂ ಟಚ್‌ಪ್ಯಾಡ್ ಪೂರ್ತಿ ಸತ್ತಂತೆ ಕಾಣುತ್ತದೆ. ಕೀಬೋರ್ಡ್ ಹಾಗಲ್ಲ. ಅದರ ಕೇಬಲ್ ವಾರೆಯಾಗಿ ಕೂತರೆ ಒಂದಷ್ಟು ಕೀಗಳು ಮಾತ್ರ ಸಾಯುತ್ತವೆ, ಉಳಿದವು ಓಡುತ್ತವೆ. ಅದಕ್ಕೇ ಕೀಬೋರ್ಡ್ ಕೇಬಲ್ ತಪ್ಪು ಬೇಗ ಗೊತ್ತಾಗುತ್ತದೆ. ಟಚ್‌ಪ್ಯಾಡ್ ವಿಷಯದಲ್ಲಿ ಮಾತ್ರ “ಪಾರ್ಟೇ ಹೋಗಿದೆ” ಎಂದು ಹೇಳಿಬಿಡುವುದು ಸುಲಭ.

ಕೆಳಗಿನ ಕವರ್ ತೆಗೆದೆ. ಕೇಬಲ್ ಕಡೆ ಕೈ ಹಾಕುವ ಮೊದಲು ಬ್ಯಾಟರಿ ಕನೆಕ್ಟರ್ ಬಿಚ್ಚಿದೆ. ಚಾರ್ಜರ್ ಕಿತ್ತರೆ ಸಾಲದು. ಲ್ಯಾಪ್‌ಟಾಪ್ ಆಫ್ ಆಗಿದ್ದರೂ ಬ್ಯಾಟರಿ ಇರುವವರೆಗೆ ಬೋರ್ಡಿನ ಕೆಲವು ಲೈನ್‌ಗಳಲ್ಲಿ ವೋಲ್ಟೇಜ್ ಇರುತ್ತದೆ. ಕೇಬಲ್ ತುದಿಯ ಲೋಹದ ಪ್ಯಾಡ್‌ಗಳು ಒಂದಕ್ಕೊಂದು ಬಹಳ ಹತ್ತಿರ. ಕೇಬಲ್ ವಾರೆಯಾಗಿ ಹೊರಗೆ ಬಂದರೆ ಒಂದು ಪ್ಯಾಡ್ ಪಕ್ಕದ ಪಿನ್ನಿಗೆ ತಾಗಬಹುದು. ಕೀಬೋರ್ಡ್ ಬೆಳಕಿನ ಲೈನ್ ಅಥವಾ ಟಚ್‌ಪ್ಯಾಡಿನ 3.3 ವೋಲ್ಟ್ ಹೀಗೆ ಗ್ರೌಂಡಿಗೆ ತಾಗಿದರೆ ಕೇಬಲ್ ಕೆಲಸ ಬೋರ್ಡ್ ಕೆಲಸವಾಗಿ ಬೆಳೆಯುತ್ತದೆ. ಬ್ಯಾಟರಿ ಬಿಚ್ಚಿದ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದೆ, ಉಳಿದ ಚಾರ್ಜ್ ಇಳಿಯಲಿ ಎಂದು.

ಟಚ್‌ಪ್ಯಾಡ್ ಕೇಬಲ್ ಎಂಟು ದಾರಿಯದು, ಅಂದರೆ ಒಳಗೆ ಎಂಟು ತಂತಿ. ಇದರಲ್ಲಿ ಪ್ಯಾಡಿನಿಂದ ಪ್ಯಾಡಿಗೆ 0.5 ಮಿ.ಮೀ. ಅಂತರ, ಒಟ್ಟು ಅಗಲ 4.5 ಮಿ.ಮೀ. ಕಿರುಬೆರಳಿನ ಉಗುರಿನ ಅರ್ಧದಷ್ಟು. ಅದು ಕೂರುವ ಕನೆಕ್ಟರ್ ಬಿಳಿ ಪ್ಲಾಸ್ಟಿಕ್, ಮೇಲೆ ಕೇಬಲನ್ನು ಬಿಗಿದು ಹಿಡಿಯುವ ಕಪ್ಪು ಲ್ಯಾಚ್. ಲೂಪ್ ಎಂಬ ಸಣ್ಣ ಭೂತಗನ್ನಡಿ ಹಿಡಿದು ನೋಡಿದಾಗ ಮೊದಲು ಕಂಡಿದ್ದು ಲ್ಯಾಚಿನ ಎಡ ತುದಿ. ಬಲ ತುದಿ ಕನೆಕ್ಟರ್ ಮೈಗೆ ಸಮವಾಗಿ ಕೂತಿತ್ತು. ಎಡ ತುದಿ ಕೂದಲೆಳೆಯಷ್ಟು ಎದ್ದು, ಸ್ವಲ್ಪ ಹಿಂದಕ್ಕೆ ಜರುಗಿತ್ತು. ಕೇಬಲ್ ಮೇಲೆ ಅಡ್ಡಕ್ಕೆ ಒಂದು ಬಿಳಿ ಗೆರೆ ಇತ್ತು. ಕೇಬಲ್ ಪೂರ್ತಿ ಒಳಗೆ ಹೋದರೆ ಆ ಗೆರೆ ಕನೆಕ್ಟರ್ ಬಾಯಿಗೆ ಸಮಾನಾಂತರವಾಗಿ ನಿಲ್ಲಬೇಕು. ಇಲ್ಲಿ ಬಲಗಡೆ ಗೆರೆ ಬಾಯಿಗೆ ಅಂಟಿಕೊಂಡಿತ್ತು, ಎಡಗಡೆ ಅದರ ಮುಂದೆ ಸಂದು ಕಾಣುತ್ತಿತ್ತು.

ಲ್ಯಾಚಿನ ಎಡ ತುದಿಯಲ್ಲಿ ಒಂದು ಸಣ್ಣ ಮೊಳೆಯಂಥ ಭಾಗ ಇರಬೇಕು. ಲ್ಯಾಚ್ ತಿರುಗುವುದು ಅದರ ಮೇಲೆ. ಅದು ಇರಲಿಲ್ಲ. ಅದೇ ಮೂಲೆಯ ಬಿಳಿ ಪ್ಲಾಸ್ಟಿಕ್ ಮೇಲೆ ಗೀರು ಬಿದ್ದಿತ್ತು, ಕಬ್ಬಿಣದ ಟ್ವೀಜರ್ ಅಥವಾ ಸಣ್ಣ ಸ್ಕ್ರೂಡ್ರೈವರ್ ಜಾರಿದ ಗೀರು. ಗೀರು ಬಿದ್ದಿದ್ದು ಕೇಬಲ್ ಒಳಗೆ ಹೋಗುವ ಬಾಯಿಯ ಕಡೆ. ಈ ಲ್ಯಾಚ್ ತೆರೆಯುವುದು ಅದರ ಎದುರು ಕಡೆಯಿಂದ. ಯಾರೋ ತಪ್ಪು ಕಡೆಯಿಂದ ಮೀಟಿದ್ದರು.

ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಇದೇ, ಅದಕ್ಕೆ ಸ್ವಲ್ಪ ನಿಂತು ಹೇಳುತ್ತೇನೆ.

ಲ್ಯಾಪ್‌ಟಾಪ್ ಬೋರ್ಡಿನಲ್ಲಿ ಪಟ್ಟಿ ಕೇಬಲ್ ಕನೆಕ್ಟರ್‌ಗಳು ನೋಡಲು ಒಂದೇ ಥರ, ತೆರೆಯುವ ರೀತಿ ಬೇರೆ ಬೇರೆ. ಕೆಲವದರಲ್ಲಿ ಲ್ಯಾಚ್ ಕೇಬಲ್ ಬರುವ ಕಡೆಯೇ ಇರುತ್ತದೆ. ಕೇಬಲ್ ಕಡೆಯ ಅಂಚನ್ನು ಮೇಲೆತ್ತಿದರೆ ತೆರೆಯುತ್ತದೆ. ಇನ್ನು ಕೆಲವದರಲ್ಲಿ ಲ್ಯಾಚ್ ಹಿಂಬದಿಯಲ್ಲಿ ಇರುತ್ತದೆ. ಕೇಬಲಿನಿಂದ ದೂರ ಇರುವ ಅಂಚನ್ನು ಎತ್ತಬೇಕು. ಮೂರನೆಯ ಜಾತಿಯಲ್ಲಿ ಲ್ಯಾಚ್ ಏಳುವುದೇ ಇಲ್ಲ. ಎರಡೂ ಬದಿಗೆ ಪುಟ್ಟ ಕಿವಿಗಳು ಹೊರಗೆ ಚಾಚಿರುತ್ತವೆ, ಅವನ್ನು ಕೇಬಲ್ ಕಡೆಗೆ ಒಂದು ಮಿ.ಮೀ. ಚಿಲ್ಲರೆ ಜರುಗಿಸಬೇಕು. ಅದನ್ನು ಮೇಲಕ್ಕೆ ಮೀಟಿದರೆ ಕಿವಿ ಪಟ್ಟನೆ ಮುರಿಯುತ್ತದೆ. ಲಾಕೇ ಇಲ್ಲದ ಕನೆಕ್ಟರ್‌ಗಳೂ ಇವೆ, ಕೇಬಲ್ ಬರೀ ಬಿಗಿಯ ಮೇಲೆ ನಿಂತಿರುತ್ತದೆ. ಒಂದೇ ಬೋರ್ಡಿನಲ್ಲಿ ಈ ಜಾತಿಗಳಲ್ಲಿ ಎರಡು ಮೂರು ಇರುವುದು ಮಾಮೂಲು. ಪಕ್ಕದ್ದು ಹೀಗೆ ತೆರೆಯಿತು, ಇದೂ ಹಾಗೇ ಇರುತ್ತೆ ಎಂದು ಕೈ ಹಾಕಿದಾಗಲೇ ಜಾಸ್ತಿ ಲ್ಯಾಚ್‌ಗಳು ಹೋಗುವುದು.

ಕೀಲು ಯಾವ ಕಡೆ, ಬಿಡುವಿರುವ ಅಂಚು ಯಾವ ಕಡೆ ಎಂದು ತಿಳಿಯುವವರೆಗೆ ಬಲ ಹಾಕಬಾರದು. ಬಾಗಿಲನ್ನು ಕೀಲಿನ ಪಕ್ಕ ತಳ್ಳಿದರೆ ಬಾಗಿಲು ತೆರೆಯುವುದಿಲ್ಲ, ಕೀಲಿಗೇ ಏಟು. ತಿಳಿಯುವುದಕ್ಕೆ ನಾನು ಮೊಬೈಲ್ ಟಾರ್ಚನ್ನು ಮೇಲಿನಿಂದ ಬಿಡದೆ, ಬೋರ್ಡಿಗೆ ಸಮವಾಗಿ ಅಡ್ಡಕ್ಕೆ ಬಿಡುತ್ತೇನೆ. ಬಿಡುವಿರುವ ಅಂಚಿನ ಕೆಳಗೆ ತೆಳುವಾದ ನೆರಳಿನ ಗೆರೆ ಬೀಳುತ್ತದೆ. ಕೀಲಿನ ಕಡೆ ಹಾಗೆ ಬೀಳುವುದಿಲ್ಲ, ಲ್ಯಾಚ್ ಮೈಯೊಳಗೆ ಹೋಗಿ ಸೇರಿರುತ್ತದೆ. ಬಣ್ಣವೂ ಸಹಾಯ ಮಾಡುತ್ತದೆ. ಎಷ್ಟೋ ಕನೆಕ್ಟರ್‌ಗಳಲ್ಲಿ ಲ್ಯಾಚ್ ಒಂದು ಬಣ್ಣ, ಮೈ ಇನ್ನೊಂದು ಬಣ್ಣ. ಏಳಬೇಕಾದ್ದು ಆ ಬೇರೆ ಬಣ್ಣದ ತುಂಡು ಮಾತ್ರ. ಮೈಯನ್ನು ಮೀಟಿದರೆ ಬೆಸುಗೆಯ ಸಮೇತ ಕನೆಕ್ಟರೇ ಕಿತ್ತು ಬರಬಹುದು. ಬಿಳಿ ಮೈ, ಬಿಳಿ ಲ್ಯಾಚ್ ಇದ್ದರೆ ಇನ್ನೂ ನಿಧಾನ ಮಾಡಬೇಕು.

ನಮ್ಮ ಕನೆಕ್ಟರ್ ಹಿಂಬದಿ ಲ್ಯಾಚಿನದು. ಒಳಗಿನ ಕೆಲಸ ಗೊತ್ತಾದರೆ ತೊಂದರೆಯೂ ಗೊತ್ತಾಗುತ್ತದೆ. ಪ್ರತಿ ಪಿನ್ನೂ ಮಧ್ಯದಲ್ಲಿ ಆಧಾರ ಇರುವ ಒಂದು ಸಣ್ಣ ಲೋಹದ ತೋಳು. ಲ್ಯಾಚ್ ಮಲಗಿಸಿದಾಗ ಅದರ ಹೊಟ್ಟೆಯ ಉಬ್ಬು ತೋಳಿನ ಹಿಂಭಾಗವನ್ನು ಮೇಲೆತ್ತುತ್ತದೆ, ಮುಂಭಾಗ ಕೇಬಲ್ ಮೇಲೆ ಒತ್ತುತ್ತದೆ. ಲ್ಯಾಚ್ ಎತ್ತಿದಾಗ ಒತ್ತಡವೇ ಇಲ್ಲ, ಕೇಬಲ್ ತಾನಾಗಿ ಜಾರಬೇಕು. ಈಗ ಎಡ ಮೊಳೆ ಮುರಿದಿದೆ ಎಂದುಕೊಳ್ಳಿ. ಆ ತೋಳುಗಳು ಲ್ಯಾಚನ್ನು ವಾಪಸ್ ತಳ್ಳುತ್ತವೆ, ತಡೆಯಲು ಮೊಳೆ ಇಲ್ಲ, ಎಡ ತುದಿ ಹಿಂದಕ್ಕೆ ಜರುಗುತ್ತದೆ. ಆ ಕಡೆಯ ಎರಡು ಮೂರು ಪಿನ್ನುಗಳು ಕೇಬಲನ್ನು ಮುಟ್ಟಿಯೂ ಮುಟ್ಟದಂತೆ ಇರುತ್ತವೆ. ಎಡ ಅಂಗೈ ಊರಿದಾಗ ಮೇಲಿನ ಚೌಕಟ್ಟು ಸ್ವಲ್ಪ ಬಾಗಿ ಕೇಬಲ್ ಎಳೆಯುತ್ತಿತ್ತು, ಅಷ್ಟಕ್ಕೇ ಸಂಪರ್ಕ ತಪ್ಪುತ್ತಿತ್ತು. ದೂರಿಗೂ ಕಂಡದ್ದಕ್ಕೂ ತಾಳೆಯಾಯಿತು.

ಮುಂದಿನ ಕೆಲಸ ಕೇಬಲ್ ಬಿಚ್ಚುವುದು. ಒಂದೇ ಮೊಳೆಯ ಮೇಲೆ ನಿಂತ ಲ್ಯಾಚನ್ನು ಎತ್ತುವಾಗ ಇರುವ ಅಪಾಯ ಎರಡು. ಉಳಿದ ಮೊಳೆಯೂ ಮುರಿಯಬಹುದು. ಇಲ್ಲವೇ ಲ್ಯಾಚ್ ಹಾರಿ ಎಲ್ಲೋ ಬೀಳಬಹುದು. ಅಕ್ಕಿ ಕಾಳಿಗಿಂತ ತೆಳುವಾದ ಕಪ್ಪು ತುಂಡು ಅದು, ನೆಲಕ್ಕೆ ಬಿದ್ದರೆ ಸಿಗುವುದಿಲ್ಲ.

ಮೊದಲು ಈಗಿನ ಸ್ಥಿತಿಯ ಫೋಟೋ ತೆಗೆದುಕೊಂಡೆ. ಕೇಬಲ್ ತುದಿಯ ನೀಲಿ ಪಟ್ಟಿ ಮೇಲೆ ಇತ್ತು, ಅಂದರೆ ಪ್ಯಾಡ್‌ಗಳು ಕೆಳಗೆ. ವಾಪಸ್ ಹಾಕುವಾಗ ಇದು ಬೇಕು, ಯಾಕೆಂದರೆ ಈ ಕನೆಕ್ಟರಿನ ಪಿನ್ನುಗಳು ಒಂದೇ ಕಡೆ ಮುಟ್ಟುತ್ತವೆ. ತಿರುಗಿಸಿ ಹಾಕಿದರೆ ಕೇಬಲ್ ಒಳಗೆ ಹೋಗುತ್ತದೆ, ಲ್ಯಾಚೂ ಮುಚ್ಚುತ್ತದೆ, ಸಂಪರ್ಕ ಮಾತ್ರ ಇರುವುದಿಲ್ಲ. ಆಮೇಲೆ ಕೇಬಲನ್ನು ಬ್ಯಾಟರಿ ಚೌಕಟ್ಟಿಗೆ ಅಂಟಿಸಿದ್ದ ಕಪ್ಪು ಟೇಪನ್ನು ಬಿಡಿಸಿದೆ. ಹೇರ್ ಡ್ರೈಯರ್‌ನ ಕಡಿಮೆ ಬಿಸಿಯನ್ನು ಸ್ವಲ್ಪ ಹೊತ್ತು ತೋರಿಸಿದರೆ ಅಂಟು ಮೆತ್ತಗಾಗುತ್ತದೆ. ಟೇಪ್ ಇರುವಾಗಲೇ ಲ್ಯಾಚ್ ಮುಟ್ಟಬಾರದು. ಟೇಪಿನ ಎಳೆತಕ್ಕೆ ಕೇಬಲ್ ವಾರೆಯಾಗಿ ನಿಂತಿದ್ದರೆ ಲ್ಯಾಚಿನ ಒಂದು ತುದಿಗೆ ಭಾರ ಬೀಳುತ್ತದೆ. ಇಲ್ಲಿ ಮೊದಲು ಮುರಿದಿದ್ದಕ್ಕೂ ಅದು ಸೇರಿರಬಹುದು.

ನಮ್ಮ ಹುಡುಗ ಪಕ್ಕದಲ್ಲೇ ನೋಡುತ್ತಿದ್ದ. “ಅಣ್ಣಾ, ಟ್ವೀಜರ್ ಕೊಡ್ಲಾ?” ಎಂದ.

“ಬೇಡ ಕಣೋ. ಪ್ಲಾಸ್ಟಿಕ್‌ದು ಕೊಡು, ಚಪ್ಪಟೆ ತುದಿದು.”

ಕಬ್ಬಿಣದ ಮೊನೆ ಒಂದೇ ಬಿಂದುವಿನ ಮೇಲೆ ಬಲ ಹಾಕುತ್ತದೆ, ಜಾರಿದರೆ ಪಕ್ಕದ ಪಿನ್ನುಗಳನ್ನು ಗೀರುತ್ತದೆ. ಲ್ಯಾಚಿನ ಪ್ಲಾಸ್ಟಿಕ್ ಗಟ್ಟಿ, ಆದರೆ ಬಾಗುವ ಗುಣ ಕಡಿಮೆ. ಪ್ಲಾಸ್ಟಿಕ್ ಸ್ಪಡ್ಜರ್ ಅಥವಾ ಸ್ವಂತ ಉಗುರು ಒಳ್ಳೆಯದು. ಜಾಸ್ತಿ ಬಲ ಬಿದ್ದರೆ ಉಗುರೇ ಮೊದಲು ಬಾಗುತ್ತದೆ, ಅದರಿಂದ ನಿಮಗೆ ತಿಳಿಯುತ್ತದೆ.

ಲ್ಯಾಚ್ ಮೇಲೆ ಕ್ಯಾಪ್ಟಾನ್ ಎಂಬ ತೆಳು, ಬಿಸಿ ತಡೆಯುವ ಟೇಪಿನ ಅಗಲವಾದ ತುಂಡನ್ನು ಸಡಿಲವಾಗಿ, ಒಂದು ಅಂಚು ಮಾತ್ರ ಬೋರ್ಡಿಗೆ ಅಂಟುವಂತೆ ಹಿಡಿದೆ. ಲ್ಯಾಚ್ ಹಾರಿದರೆ ಅದಕ್ಕೆ ಅಂಟಲಿ ಎಂದು. ಎಡ ತುದಿಯ ಮೇಲೆ ಟೂತ್‌ಪಿಕ್ ಇಟ್ಟು, ಒತ್ತದೆ, ಹಿಂದಕ್ಕೆ ಜರುಗದಂತೆ ತಡೆ ಕೊಟ್ಟೆ. ಸ್ಪಡ್ಜರಿನ ಚಪ್ಪಟೆ ತುದಿಯನ್ನು ಹಿಂಬದಿ ಅಂಚಿನ ಮಧ್ಯಕ್ಕೆ ತಂದು ನಿಧಾನವಾಗಿ ಎತ್ತಿದೆ. ಇಷ್ಟು ಚಿಕ್ಕ ಲ್ಯಾಚಿಗೆ ಮಧ್ಯದಿಂದ ಎತ್ತುವುದೇ ಸರಿ, ಎರಡೂ ತುದಿಗೆ ಸಮ ಬಲ ಹೋಗುತ್ತದೆ. ಕೀಬೋರ್ಡ್ ಕೇಬಲಿನಂಥ ಉದ್ದ ಲ್ಯಾಚ್ ಆದರೆ ಮಧ್ಯದಿಂದ ಮಾತ್ರ ಎತ್ತಿದರೆ ನಡು ಬಾಗುತ್ತದೆ. ಅಲ್ಲಿ ಈ ತುದಿಯಲ್ಲಿ ಚೂರು, ಆ ತುದಿಯಲ್ಲಿ ಚೂರು, ಆಮೇಲೆ ನಡುವೆ, ಹೀಗೆ ಹೋಗಬೇಕು. ಯಾವುದೇ ಲ್ಯಾಚನ್ನೂ ಒಂದು ಮೂಲೆಯಿಂದ ಪೂರ್ತಿ ಎತ್ತಬಾರದು. ಎದುರು ಮೂಲೆಯ ಮೊಳೆ ತಿರುಚಿಕೊಂಡು ಹೋಗುತ್ತದೆ.

ಲ್ಯಾಚ್ ಎದ್ದು ಹೆಚ್ಚುಕಡಿಮೆ ನೆಟ್ಟಗೆ ನಿಂತಿತು. ತಾನಾಗಿ ನಿಂತ ಜಾಗವೇ ಕೊನೆ. ಪೂರ್ತಿ ತೆರೆಯಿತೋ ಇಲ್ಲವೋ ಎಂದು ಮತ್ತೆ ತಳ್ಳಿ ನೋಡುವುದು ಬೇಡ. ನೋಡಬೇಕಾದ್ದು ಕೇಬಲ್. ಪೂರ್ತಿ ತೆರೆದಿದ್ದರೆ ಕೇಬಲ್ ಸಡಿಲವಾಗಿ, ಹಗುರವಾಗಿ ಅಲುಗುತ್ತದೆ. ನೀಲಿ ಪಟ್ಟಿಯನ್ನು ಎರಡೂ ಬದಿಯಿಂದ ಹಿಡಿದು, ಬೋರ್ಡಿಗೆ ಸಮವಾಗಿ, ನೇರ ಹಿಂದಕ್ಕೆ ಎಳೆದೆ. ಯಾವ ಬಿಗಿಯೂ ಇಲ್ಲದೆ ಬಂತು. ಬಿಗಿ ಸಿಕ್ಕಿದ್ದರೆ ನಿಲ್ಲಿಸುತ್ತಿದ್ದೆ. ಲ್ಯಾಚ್ ಇನ್ನೂ ಮುಚ್ಚಿದೆ, ಇಲ್ಲವೇ ಕೇಬಲ್ ಕೆಳಗೆ ಇನ್ನೊಂದು ಕಡೆಯೂ ಅಂಟಿಕೊಂಡಿದೆ, ಇಲ್ಲವೇ ಕೇಬಲಿನ ಅಂಚಿಗೆ ಸಣ್ಣ ಕಿವಿಗಳಿದ್ದು ಅವು ಕನೆಕ್ಟರಿನಲ್ಲಿ ಸಿಕ್ಕಿಕೊಂಡಿವೆ ಎಂದು ಅರ್ಥ. ಕೇಬಲನ್ನು ಮೇಲಕ್ಕೆ ಎಳೆದರೆ ಪ್ಯಾಡ್‌ಗಳು ನೀಲಿ ಪಟ್ಟಿಯಿಂದ ಸುಲಿದು ಬರುತ್ತವೆ. ಅದು ರಿಪೇರಿಯಾಗುವುದಿಲ್ಲ, ಕೇಬಲೇ ಬದಲಿಸಬೇಕು.

ಕೇಬಲ್ ಹೊರಬಂದ ಮೇಲೆ ಟಚ್‌ಪ್ಯಾಡ್ ಕಡೆಯ ತುದಿಯನ್ನೂ ಬಿಚ್ಚಿ, ಎಂಟು ದಾರಿಗಳನ್ನೂ ಮಲ್ಟಿಮೀಟರಿನಲ್ಲಿ ಒಂದೊಂದಾಗಿ ನೋಡಿದೆ. ಕೇಬಲನ್ನು ಮೆಲ್ಲಗೆ ಬಾಗಿಸುತ್ತಲೇ ನೋಡಿದೆ, ಒಳಗೆ ಬಿರುಕು ಇದ್ದರೆ ಆಗ ತಪ್ಪುತ್ತದೆ. ಎಲ್ಲವೂ ಒಂದು ಓಮ್ ಒಳಗೆ, ಅಲುಗದೆ ನಿಂತವು. ಪಕ್ಕ ಪಕ್ಕದ ದಾರಿಗಳ ನಡುವೆ ಶಾರ್ಟ್ ಇರಲಿಲ್ಲ. ಕನೆಕ್ಟರಿನ ಪಿನ್ನುಗಳೂ ಲೂಪಿನಲ್ಲಿ ನೇರವಾಗಿದ್ದವು. ಹಾಗಾಗಿ ಟಚ್‌ಪ್ಯಾಡೂ ಕೇಬಲೂ ಸರಿ ಇವೆ, ಬೇಕಾಗಿರುವುದು ಒತ್ತಡ ಮಾತ್ರ ಎಂದು ತೀರ್ಮಾನಿಸಿದೆ.

ಅದನ್ನು ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಮಾಡಿದೆ. ಕೇಬಲಿನ ನೀಲಿ ಬದಿಗೆ, ಅಂದರೆ ಪ್ಯಾಡ್ ಇಲ್ಲದ ಬದಿಗೆ, ಕ್ಯಾಪ್ಟಾನ್ ಟೇಪಿನ ಒಂದು ಪದರ ಅಂಟಿಸಿ, ಅಂಚು ಸಮ ಕತ್ತರಿಸಿ ಒಳಗೆ ಕೂರಿಸಿದೆ. ಸಾಮಾನ್ಯವಾಗಿ ಇಂಥ ಕೇಬಲಿನ ತುದಿ 0.3 ಮಿ.ಮೀ. ದಪ್ಪ. ಒಂದು ಪದರ ಟೇಪ್ ಅದಕ್ಕೆ ಸ್ವಲ್ಪವೇ ಸೇರಿಸುತ್ತದೆ, ಅಷ್ಟೇ ಸಡಿಲ ಪಿನ್ನುಗಳು ಮುಟ್ಟಲು ಸಾಕಾಗುತ್ತದೆ. ಲ್ಯಾಚ್ ಮಲಗಿಸಿ, ಬ್ಯಾಟರಿ ಹಾಕಿ ಆನ್ ಮಾಡಿದೆ. ಹಳದಿ ಗುರುತು ಇಲ್ಲ. ಅಂಗೈ ಊರಿದರೂ ಪಾಯಿಂಟರ್ ನಿಲ್ಲಲಿಲ್ಲ.

ಎಷ್ಟೋ ಕಡೆ ಕೆಲಸ ಇಲ್ಲಿಗೆ ಮುಗಿಸಿ ಕೊಟ್ಟುಬಿಡುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ದಪ್ಪ ಮಾಡಿದ ಕೇಬಲ್ ಪಿನ್ನುಗಳನ್ನು ಯಾವಾಗಲೂ ಅಗಲಿಸಿ ಹಿಡಿದಿರುತ್ತದೆ. ಕೆಲ ತಿಂಗಳ ಮೇಲೆ ಅವು ಹಾಗೇ ನಿಂತುಬಿಟ್ಟರೆ, ಆಮೇಲೆ ಹೊಸ ಕೇಬಲ್ ಹಾಕಿದರೂ ಹಿಡಿಯುವುದಿಲ್ಲ. ಎರಡು ಮೂರು ಪದರ ಹಾಕಿದರಂತೂ ಕನೆಕ್ಟರ್ ಬೇಗ ಹಾಳು. ಟೇಪನ್ನು ಪರೀಕ್ಷೆಗೆ ಬಳಸಬಹುದು, ಬೇರೆ ದಾರಿಯೇ ಇಲ್ಲದಾಗ ಗಿರಾಕಿಗೆ ಹೇಳಿ ಬಳಸಬಹುದು.

ಉಳಿದಿದ್ದು ಎರಡು ದಾರಿ. ಒಂದು, ಕನೆಕ್ಟರನ್ನೇ ಹಾಟ್ ಏರ್‌ನಲ್ಲಿ ತೆಗೆದು ಬೇರೆ ಹಾಕುವುದು. ಅದಕ್ಕೆ ಪಿನ್ನುಗಳ ಸಂಖ್ಯೆ, 0.5 ಮಿ.ಮೀ. ಅಂತರ, ಪ್ಯಾಡ್ ಕೆಳಗೆ ಮುಟ್ಟುವ ಜಾತಿ, ಎತ್ತರ ಎಲ್ಲವೂ ಹೊಂದಬೇಕು. ಪಕ್ಕದಲ್ಲೇ ಇನ್ನೊಂದು ಪ್ಲಾಸ್ಟಿಕ್ ಕನೆಕ್ಟರ್ ಇತ್ತು, ಬಿಸಿಗೆ ಅದು ಕರಗುವ ಭಯ. ಇನ್ನೊಂದು, ಲ್ಯಾಚ್ ಮಾತ್ರ ಬದಲಿಸುವುದು. ಪಿನ್ನುಗಳು ಸರಿ ಇರುವಾಗ ನಾನು ಎರಡನೆಯದನ್ನೇ ಆರಿಸುತ್ತೇನೆ. ಲ್ಯಾಚ್ ಬಿಡಿಯಾಗಿ ಅಂಗಡಿಯಲ್ಲಿ ಸಿಗುವುದಿಲ್ಲ, ಸ್ಕ್ರ್ಯಾಪ್ ಬೋರ್ಡ್‌ಗಳಲ್ಲಿ ಹುಡುಕಬೇಕು. ಅದೇ ಬ್ರ್ಯಾಂಡಿನ ಸತ್ತ ಬೋರ್ಡೊಂದರಲ್ಲಿ ಎಂಟು ಪಿನ್ನಿನ ಅದೇ ಕನೆಕ್ಟರ್ ಸಿಕ್ಕಿತು. ಲೂಪಿನಲ್ಲಿ ಪಕ್ಕ ಪಕ್ಕ ಇಟ್ಟು ಲ್ಯಾಚಿನ ಉದ್ದ, ಮೊಳೆಗಳ ಆಕಾರ, ಹೊಟ್ಟೆಯ ಉಬ್ಬು ಎಲ್ಲ ಹೋಲಿಸಿ ನೋಡಿದೆ. ಪಿನ್ನುಗಳ ಸಂಖ್ಯೆ ಒಂದೇ ಇದ್ದರೆ ಸಾಲದು, ಉಬ್ಬು ಬೇರೆ ಇದ್ದರೆ ಲ್ಯಾಚ್ ಮುಚ್ಚಿದರೂ ಒತ್ತಡ ಬರುವುದಿಲ್ಲ.

ಸ್ಕ್ರ್ಯಾಪ್ ಬೋರ್ಡಿನ ಲ್ಯಾಚನ್ನು ನೆಟ್ಟಗೆ ನಿಲ್ಲಿಸಿ, ಒಂದು ತುದಿಯನ್ನು ಟೂತ್‌ಪಿಕ್‌ನಿಂದ ಮೇಲಕ್ಕೆ ಬಿಡಿಸಿ ತೆಗೆದೆ. ಮುರಿದ ಲ್ಯಾಚನ್ನೂ ಹಾಗೇ ತೆಗೆದು, ಕನೆಕ್ಟರ್ ಒಳಗಿದ್ದ ಮುರಿದ ಮೊಳೆಯ ಚೂರನ್ನು ಐಪಿಎ ಎಂಬ ಕ್ಲೀನಿಂಗ್ ಆಲ್ಕೋಹಾಲಿನಲ್ಲಿ ಅದ್ದಿದ ಸಣ್ಣ ಬ್ರಷ್‌ನಿಂದ ಹೊರಗೆ ತಂದೆ. ಆ ಚೂರು ಒಳಗೇ ಉಳಿದರೆ ಹೊಸ ಲ್ಯಾಚ್ ಪೂರ್ತಿ ಮಲಗುವುದಿಲ್ಲ, ಒತ್ತಿ ಮಲಗಿಸಿದರೆ ಅದೂ ಮುರಿಯುತ್ತದೆ. ಕೇಬಲ್ ಇಲ್ಲದೆಯೇ ಹೊಸ ಲ್ಯಾಚನ್ನು ನೆಟ್ಟಗೆ ಹಿಡಿದು, ಮೊದಲು ಬಲ ಮೊಳೆ, ಆಮೇಲೆ ಎಡ ಮೊಳೆ ಕೂರಿಸಿದೆ. ಸಣ್ಣಗೆ ಕೂತ ಅನುಭವ ಬೆರಳಿಗೆ ಆಗುತ್ತದೆ. ಒಮ್ಮೆ ಮಾತ್ರ ಮಲಗಿಸಿ ಎತ್ತಿ ನೋಡಿದೆ, ಸರಾಗವಾಗಿ ತಿರುಗಿತು. ಜಾಸ್ತಿ ಆಡಿಸಬಾರದು. ಇಂಥ ಕನೆಕ್ಟರ್‌ಗಳಲ್ಲಿ ಬಹಳಷ್ಟು ಹತ್ತಿಪ್ಪತ್ತು ಸಲ ತೆರೆದು ಮುಚ್ಚುವುದಕ್ಕೆ ಮಾಡಿದವು, ದಿನಾ ಬಿಚ್ಚಿ ಹಾಕುವುದಕ್ಕಲ್ಲ.

ಕೇಬಲಿನ ಟೇಪ್ ತೆಗೆದು, ಅಂಟು ಒರೆಸಿ, ನೀಲಿ ಬದಿ ಮೇಲೆ ಮಾಡಿ ಒಳಗೆ ಬಿಟ್ಟೆ. ತಳ್ಳುವ ಬಲವೇ ಬೇಕಾಗಲಿಲ್ಲ. ಬಿಳಿ ಗೆರೆ ಎರಡೂ ಕಡೆ ಬಾಯಿಗೆ ಸಮ ನಿಂತಿತು. ಒಂದು ಬೆರಳಿನಿಂದ ಕೇಬಲ್ ಜರುಗದಂತೆ ಹಿಡಿದು, ಇನ್ನೊಂದು ಬೆರಳಿನ ಮೃದು ಭಾಗದಿಂದ ಲ್ಯಾಚನ್ನು ಪೂರ್ತಿ ಅಗಲಕ್ಕೆ ಒತ್ತಿ ಮಲಗಿಸಿದೆ. ಆಮೇಲೆ ಕೇಬಲನ್ನು ಹಗುರವಾಗಿ ಎಳೆದು ನೋಡಿದೆ, ಅಲುಗಲಿಲ್ಲ. ಮುಚ್ಚಿದ ಲ್ಯಾಚಿನ ಎರಡೂ ತುದಿ ಅಡ್ಡ ಬೆಳಕಿನಲ್ಲಿ ಒಂದೇ ಎತ್ತರಕ್ಕೆ ಕಂಡವು.

ಕವರಿನ ಸ್ಕ್ರೂ ಹಾಕುವ ಮೊದಲೇ ಬ್ಯಾಟರಿ ಸೇರಿಸಿ ಆನ್ ಮಾಡಿದೆ. `Device Manager` ಶುದ್ಧವಾಗಿತ್ತು. ಟಚ್‌ಪ್ಯಾಡಿನ ನಾಲ್ಕೂ ಮೂಲೆ, ಎರಡು ಬೆರಳಿನ ಸ್ಕ್ರೋಲ್, ಎಡ ಬಲ ಕ್ಲಿಕ್ ನೋಡಿ, ಎಡ ಅಂಗೈ ಊರಿ ಉದ್ದಕ್ಕೂ ಟೈಪ್ ಮಾಡಿ ನೋಡಿದೆ. ಕೀಬೋರ್ಡಿನ ಪ್ರತಿ ಕೀ, ಅದರ ಬೆಳಕು ಕೂಡ ನೋಡಿದೆ, ಅವುಗಳ ಕೇಬಲ್‌ಗಳನ್ನೂ ಹಿಂದೆ ಅದೇ ಕೈ ಬಿಚ್ಚಿತ್ತಲ್ಲ. ಅವೆರಡೂ ಸರಿ ಇದ್ದವು, ಆದ್ದರಿಂದ ಅವುಗಳ ಲ್ಯಾಚ್ ಮುಟ್ಟಲಿಲ್ಲ.

ಮೇಡಂಗೆ ಹಳೆಯ ಲ್ಯಾಚ್ ತೋರಿಸಿ ಏನಾಗಿತ್ತು ಎಂದು ಹೇಳಿದೆ. “ಹೊಸ ಟಚ್‌ಪ್ಯಾಡ್ ಬೇಡ್ವಾ ಹಾಗಾದ್ರೆ?” ಎಂದರು. ಬೇಡ ಎಂದೆ. ಹಾಕಿದ್ದರೂ ಅದೇ ಮುರಿದ ಲ್ಯಾಚಿಗೇ ಹೊಸ ಕೇಬಲ್ ಸಿಗಿಸಬೇಕಿತ್ತು, ತೊಂದರೆ ಹಾಗೇ ಉಳಿಯುತ್ತಿತ್ತು. ಲ್ಯಾಚ್ ಹಳೆಯ ಬೋರ್ಡಿನದು ಎಂಬುದನ್ನೂ ಹೇಳಿದೆ. ಕನೆಕ್ಟರಿನ ಪಕ್ಕ ಖಾಲಿ ಜಾಗದಲ್ಲಿ ಪುಟ್ಟ ಚೀಟಿ ಅಂಟಿಸಿ, ಲ್ಯಾಚ್ ಏಳುವ ದಿಕ್ಕಿಗೆ ಒಂದು ಬಾಣ ಹಾಕಿದೆ. ಮುಂದಿನ ಸಲ ಫ್ಯಾನ್ ಕ್ಲೀನ್ ಮಾಡುವವರು ಯಾರೇ ಆಗಲಿ, ಅವರಿಗೆ ಬೇಕಾಗುತ್ತದೆ.